ಗೆದ್ದ ಹಣ ಕೈಗೆ ಬರುವ ದಾರಿ: ಸಂಬಳ, ಬ್ಯಾಂಕ್ ಖಾತೆ, ತೋಟದ ಜಪ್ತಿ

ದಾವೆ ಗೆದ್ದ ದಿನ ಕೋರ್ಟಿನಿಂದ ಸಿಗುವುದು ಹಣವಲ್ಲ, ಡಿಕ್ರಿ. ಸೋತವನು ಇಂತಿಷ್ಟು ಕೊಡತಕ್ಕದ್ದು ಎಂದು ಅದರಲ್ಲಿ ಬರೆದಿರುತ್ತದೆ. ಅವನು ಕೊಡದೆ ಸುಮ್ಮನೆ ಕೂತರೆ ಕೋರ್ಟು ತಾನಾಗಿ ಎದ್ದುಹೋಗಿ ವಸೂಲಿ ಮಾಡಿಕೊಡುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ಅಮಲ್ಜಾರಿ ಅರ್ಜಿ ಎನ್ನುವುದು ಅದನ್ನೇ. ಕಾರವಾರ, ಶಿರಸಿ ಕಡೆಯ ವಕೀಲರ ಬಾಯಲ್ಲಿ ಅದು ‘ಇ.ಪಿ.’. ಯಾರ ಸಂಬಳ, ಯಾವ ಬ್ಯಾಂಕಿನ ಖಾತೆ, ಯಾವ ಸರ್ವೆ ನಂಬರಿನ ಜಮೀನು ಎಂಬುದನ್ನು ಹುಡುಕಿ ಆ ಅರ್ಜಿಯಲ್ಲಿ ಬರೆದುಕೊಡುವ ಹೊಣೆ ಡಿಕ್ರಿ ಪಡೆದವರದೇ. ಇ.ಪಿ.ಗಳು ವರ್ಷಗಟ್ಟಲೆ ಎಳೆಯುವುದಕ್ಕೆ ಎಲ್ಲರೂ ಕೋರ್ಟಿನ ನಿಧಾನವನ್ನು ದೂರುತ್ತಾರೆ. ಅರ್ಜಿಯ ಕೊನೆಯ ಪುಟದ ಷೆಡ್ಯೂಲು ಖಾಲಿ ಇರುವುದೂ ಅಷ್ಟೇ ದೊಡ್ಡ ಕಾರಣ.

ಲೆಕ್ಕಕ್ಕೆಂದು ಒಂದು ಪ್ರಕರಣ ಇಟ್ಟುಕೊಳ್ಳೋಣ. ಕಾರವಾರದ ಕಟ್ಟಡ ಸಾಮಗ್ರಿ ವ್ಯಾಪಾರಿಯೊಬ್ಬರು ಸಿಮೆಂಟು, ಕಬ್ಬಿಣ, ಚಿರೆಕಲ್ಲು ಉದ್ರಿ ಕೊಟ್ಟಿದ್ದರು. ಪಡೆದವನು ಆಗ ಕಾರವಾರದಲ್ಲೇ ಇದ್ದ ರಾಜ್ಯ ಸರ್ಕಾರಿ ನೌಕರ. 2022ರ ಜೂನ್‌ನಲ್ಲಿ ಕಾರವಾರದ ಸಿವಿಲ್ ಕೋರ್ಟಿನಲ್ಲಿ ದಾವೆ ಬಿತ್ತು, 2024ರ ಜೂನ್‌ನಲ್ಲಿ ಡಿಕ್ರಿ ಆಯಿತು: ಅಸಲು ₹4,00,000, ದಾವೆ ಹಾಕಿದ ದಿನದಿಂದ ವಸೂಲಾಗುವವರೆಗೆ ವರ್ಷಕ್ಕೆ ಶೇಕಡಾ 6ರ ಸರಳ ಬಡ್ಡಿ, ಖರ್ಚು ₹22,000. ಅಷ್ಟರಲ್ಲಿ ನೌಕರನಿಗೆ ಶಿರಸಿಗೆ ವರ್ಗವಾಗಿದೆ. ಶಿರಸಿ ತಾಲೂಕಿನ ಹಳ್ಳಿಯೊಂದರಲ್ಲಿ ಇಬ್ಬರು ಅಣ್ಣಂದಿರ ಜೊತೆ ಪಾಲಿನಲ್ಲಿ ಅಡಿಕೆ ತೋಟವಿದೆ. ಶಿರಸಿಯ ಒಂದು ಬ್ಯಾಂಕ್ ಶಾಖೆಯಲ್ಲಿ ₹90,000ದ ಠೇವಣಿ ಇದೆ. ಆದರೂ ‘ನನ್ನ ಹತ್ತಿರ ಏನೂ ಇಲ್ಲ’ ಎನ್ನುತ್ತಾನೆ.

ಯಾವ ಕೋರ್ಟು, ಯಾವಾಗ

ಹಣದ ಡಿಕ್ರಿಯನ್ನು ಜಾರಿ ಮಾಡಿಸಲು 12 ವರ್ಷಗಳ ಅವಧಿ ಇದೆ. ಇದನ್ನು ಕೇಳಿದ ಮೇಲೆ ಅನೇಕರು ನಿಶ್ಚಿಂತರಾಗಿಬಿಡುತ್ತಾರೆ. ಕೆಲಸಕ್ಕೆ ಬರುವ ಗಡುವು ಬೇರೆ, ಅದು 2 ವರ್ಷದ್ದು. ಡಿಕ್ರಿಯಾಗಿ 2 ವರ್ಷದೊಳಗೆ ಇ.ಪಿ. ಹಾಕಿದರೆ, ಜಪ್ತಿಗೆ ಮೊದಲು ಸಾಲಗಾರನಿಗೆ ನೋಟಿಸು ಕೊಡಲೇಬೇಕೆಂದು ಕಾನೂನು ಹೇಳುವುದಿಲ್ಲ. 2 ವರ್ಷ ದಾಟಿದರೆ, ಅಥವಾ ಸಾಲಗಾರ ತೀರಿಕೊಂಡು ವಾರಸುದಾರರ ಮೇಲೆ ಹೋಗಬೇಕಾದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 22ನೇ ನಿಯಮದಂತೆ ಮೊದಲು ನೋಟಿಸು ಹೋಗಬೇಕು. ನೋಟಿಸು ಕೈಗೆ ಬಂದ ಸಾಲಗಾರ ಮೊದಲು ಮಾಡುವ ಕೆಲಸ ಠೇವಣಿ ಮುರಿಸುವುದು. ನೋಟಿಸು ಕೊಟ್ಟರೆ ಉದ್ದೇಶವೇ ಕೆಡುತ್ತದೆ ಎಂದು ಕಂಡರೆ, ಕಾರಣ ಬರೆದು ಅದಿಲ್ಲದೆಯೇ ಆದೇಶ ಮಾಡುವ ಅಧಿಕಾರ ಕೋರ್ಟಿಗೆ ಇದೆ. ಆದರೆ ಅದನ್ನು ಕೇಳಿ ಪಡೆಯಬೇಕು.

ಮೇಲ್ಮನವಿ ಹಾಕಿದ್ದೇನೆ ಎಂದು ಸಾಲಗಾರ ಹೇಳಿದ ಮಾತ್ರಕ್ಕೆ ಜಾರಿ ನಿಲ್ಲುವುದಿಲ್ಲ. ಮೇಲಿನ ಕೋರ್ಟಿನ ತಡೆಯಾಜ್ಞೆ ಇರಬೇಕು.

ಈಗ ಜಾಗದ ಪ್ರಶ್ನೆ. ತನ್ನ ಸ್ಥಳವ್ಯಾಪ್ತಿಯ ಹೊರಗಿರುವ ವ್ಯಕ್ತಿ ಅಥವಾ ಆಸ್ತಿಯ ಮೇಲೆ ಡಿಕ್ರಿ ಜಾರಿ ಮಾಡುವ ಅಧಿಕಾರವನ್ನು ಅದೇ ಸಂಹಿತೆಯ 39ನೇ ಕಲಮು ಕೋರ್ಟಿಗೆ ಕೊಡುವುದಿಲ್ಲ. ಕಾರವಾರದ ಸಿವಿಲ್ ಕೋರ್ಟು ಶಿರಸಿಯ ತೋಟವನ್ನು ಹರಾಜು ಹಾಕಲಾಗದು. ಡಿಕ್ರಿಯನ್ನು ಶಿರಸಿಗೆ ವರ್ಗಾಯಿಸಬೇಕು. ಸರ್ಕಾರಿ ನೌಕರನ ಸಂಬಳದ ಮಟ್ಟಿಗೆ ಮಾತ್ರ ವಿನಾಯಿತಿ ಇದೆ: ನೌಕರನಾಗಲಿ ಸಂಬಳ ಬಟವಾಡೆ ಅಧಿಕಾರಿಯಾಗಲಿ ವ್ಯಾಪ್ತಿಯ ಹೊರಗಿದ್ದರೂ ಕಾರವಾರದಿಂದಲೇ ಆದೇಶ ಹೋಗಬಹುದು. ನಮ್ಮ ಪ್ರಕರಣದಲ್ಲಿ ಸಂಬಳ, ಠೇವಣಿ, ತೋಟ ಮೂರೂ ಘಟ್ಟದ ಮೇಲೇ ಇರುವುದರಿಂದ ಒಟ್ಟಿಗೆ ಶಿರಸಿಗೆ ವರ್ಗಾಯಿಸಿಕೊಳ್ಳುವುದೇ ಸರಿ. ಎರಡು ಕೋರ್ಟಿನಲ್ಲಿ ಎರಡು ಇ.ಪಿ. ನಡೆಸಿದರೆ ಎಲ್ಲಿ ಎಷ್ಟು ಬಂತು ಎಂಬ ಲೆಕ್ಕವೇ ಜಗಳದ ವಿಷಯವಾಗುತ್ತದೆ.

ವರ್ಗಾವಣೆಗೆ ಕಾರವಾರದ ಕೋರ್ಟಿನಲ್ಲಿ ಅರ್ಜಿ ಕೊಟ್ಟರೆ ಅಲ್ಲಿಂದ ಡಿಕ್ರಿಯ ನಕಲು, ಇಷ್ಟು ಹಣ ಇನ್ನೂ ಬಂದಿಲ್ಲ ಎಂಬ ಸರ್ಟಿಫಿಕೇಟು, ಈ ಮೊದಲು ಜಾರಿ ಆದೇಶವೇನಾದರೂ ಆಗಿದೆಯೇ ಎಂಬ ವಿವರ ಶಿರಸಿಗೆ ಹೋಗುತ್ತವೆ. ಇಲ್ಲಿ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. ಕಾಗದ ಶಿರಸಿ ತಲುಪಿತು, ಇನ್ನು ಅವರೇ ಮುಂದುವರಿಸುತ್ತಾರೆ ಎಂದು ಡಿಕ್ರಿದಾರರು ಕಾಯುತ್ತಾರೆ. ವರ್ಗಾವಣೆಯ ಅರ್ಜಿ ಜಾರಿಯ ಅರ್ಜಿಯಲ್ಲ. ಶಿರಸಿಯಲ್ಲಿ ಬೇರೆಯಾಗಿ ಇ.ಪಿ. ಹಾಕಬೇಕು. 12 ವರ್ಷದ ಗಡಿಯಾರ ಅಲ್ಲಿಯವರೆಗೂ ಓಡುತ್ತಲೇ ಇರುತ್ತದೆ. ಈ ಓಡಾಟದ ನಡುವೆ ಠೇವಣಿಯೋ ಜಮೀನೋ ಕೈಬಿಟ್ಟುಹೋಗುವ ಭಯವಿದ್ದರೆ, 46ನೇ ಕಲಮಿನಂತೆ ಕಾರವಾರದ ಕೋರ್ಟಿನಿಂದ ಶಿರಸಿ ಕೋರ್ಟಿಗೆ, ಆಸ್ತಿ ಜಪ್ತಿ ಮಾಡಿ ಇಡುವಂತೆ ಹೇಳುವ ‘ಪ್ರಿಸೆಪ್ಟ್’ ಕಳಿಸಲು ಕೇಳಬಹುದು. ಅದರ ಮೇಲೆ ಆಗುವ ಜಪ್ತಿ, ಕಾರವಾರದ ಕೋರ್ಟು ವಿಸ್ತರಿಸದಿದ್ದರೆ, ಸಾಮಾನ್ಯವಾಗಿ 2 ತಿಂಗಳಷ್ಟೇ ಬಾಳುತ್ತದೆ. ಅಷ್ಟರೊಳಗೆ ಡಿಕ್ರಿ ವರ್ಗವಾಗಿ, ಆಸ್ತಿ ಮಾರಾಟಕ್ಕೆ ಅರ್ಜಿಯೂ ಬಿದ್ದರೆ ಅದು ಮುಂದುವರಿಯುತ್ತದೆ.

ನಮ್ಮ ವ್ಯಾಪಾರಿ 2024ರ ಡಿಸೆಂಬರ್‌ನಲ್ಲಿ ಶಿರಸಿಯಲ್ಲಿ ಇ.ಪಿ. ಹಾಕಿದರು ಎಂದುಕೊಳ್ಳೋಣ. ಎರಡೂವರೆ ವರ್ಷದ ಬಡ್ಡಿ ₹60,000, ಖರ್ಚು ₹22,000, ಅಸಲು ₹4,00,000. ಒಟ್ಟು ಬಾಕಿ ₹4,82,000.

ಸಂಬಳ: ಮೂರರಲ್ಲಿ ಒಂದು, 24 ತಿಂಗಳು

ಸಂಬಳದಲ್ಲಿ ಎಷ್ಟು ಹಿಡಿಯಬಹುದು ಎಂಬುದನ್ನು 60ನೇ ಕಲಮು ಹೇಳುತ್ತದೆ. ಮೊದಲ ₹1,000 ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಪಾಲೂ ನೌಕರನಿಗೇ. ಜಪ್ತಿಗೆ ಸಿಗುವುದು ಉಳಿದ ಮೂರನೇ ಒಂದು ಪಾಲು. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ, ಅದು ಇಲ್ಲಿ ಬೇಡ. ನಮ್ಮ ಸಾಲಗಾರನ ತಿಂಗಳ ಸಂಬಳ ₹46,000 ಎಂದರೆ, ₹1,000 ಕಳೆದು ₹45,000, ಅದರ ಮೂರನೇ ಒಂದು ₹15,000.

₹46,000 ಎಂದು ಯಾವುದನ್ನು ಹಿಡಿಯಬೇಕು ಎಂಬಲ್ಲೇ ಮೊದಲ ತಕರಾರು ಬರುತ್ತದೆ. ಕಾನೂನಿನಲ್ಲಿ ಸಂಬಳವೆಂದರೆ ತಿಂಗಳ ಒಟ್ಟು ಉತ್ಪನ್ನ. ಜಪ್ತಿಯಿಂದ ಹೊರಗೆಂದು ಸರ್ಕಾರ ಅಧಿಸೂಚನೆಯಲ್ಲಿ ಘೋಷಿಸಿದ ಭತ್ಯೆಗಳನ್ನು ಮಾತ್ರ ಅದರಿಂದ ಕಳೆಯಬೇಕು. ಮನೆಸಾಲದ ಕಂತು, ಸೊಸೈಟಿಯ ಕಂತು, ಚೀಟಿ ಹಣ ಎಲ್ಲ ಕಡಿತವಾಗಿ ಕೈಗೆ ಬರುವ ಮೊತ್ತ ಈ ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ. ಕಚೇರಿಗಳಲ್ಲಿ ಕೈಗೆ ಬರುವ ಸಂಬಳದ ಮೇಲೆ ಲೆಕ್ಕ ಹಾಕಿ ‘ಹಿಡಿಯಲು ಏನೂ ಉಳಿಯುವುದಿಲ್ಲ’ ಎಂದು ಕೋರ್ಟಿಗೆ ಉತ್ತರ ಬರೆಯುವುದುಂಟು. ಆದ್ದರಿಂದ ಮೂಲ ವೇತನ, ಪ್ರತಿಯೊಂದು ಭತ್ಯೆ, ಪ್ರತಿಯೊಂದು ಕಡಿತ ಬಿಡಿಬಿಡಿಯಾಗಿ ಇರುವ ಸಂಬಳ ವಿವರವನ್ನು ಬಟವಾಡೆ ಅಧಿಕಾರಿಯಿಂದ ತರಿಸಿಕೊಡುವಂತೆ ಆರಂಭದಲ್ಲೇ ಕೇಳುವುದು ಒಳ್ಳೆಯದು. ನಮ್ಮ ₹46,000 ವಿನಾಯಿತಿ ಭತ್ಯೆಗಳನ್ನು ಕಳೆದ ಮೇಲಿನ ಮೊತ್ತ.

ಅರ್ಜಿಯಲ್ಲಿ ನೌಕರನ ಹೆಸರು, ಹುದ್ದೆ, ಕಚೇರಿಯ ಜೊತೆಗೆ ಬಟವಾಡೆ ಅಧಿಕಾರಿಯ ಹುದ್ದೆಯನ್ನೂ ಸರಿಯಾಗಿ ಬರೆಯಬೇಕು. ಶಾಲೆ, ಕಚೇರಿಗಳಲ್ಲಿ ನೌಕರ ಕೂರುವ ಜಾಗದ ಮುಖ್ಯಸ್ಥರೇ ಬಿಲ್ಲು ಮಾಡುವವರು ಎಂದೇನಿಲ್ಲ. ರಾಜ್ಯ ನೌಕರನಾದರೆ ಸರ್ಕಾರಿ ವಿಮಾ ಇಲಾಖೆಯ ಕೆಜಿಐಡಿ ಸಂಖ್ಯೆ ಗೊತ್ತಿದ್ದಷ್ಟು ಒಳ್ಳೆಯದು, ಒಂದೇ ಹೆಸರಿನ ಇಬ್ಬರಿದ್ದರೂ ಗೊಂದಲವಾಗುವುದಿಲ್ಲ.

ಆದೇಶ ತಲುಪಿದ ಮೇಲೆ ಬಟವಾಡೆ ಅಧಿಕಾರಿ ಪ್ರತಿ ತಿಂಗಳು ₹15,000 ಹಿಡಿದು ಕೋರ್ಟಿಗೆ ಕಳಿಸಬೇಕು. ಅದೇ 21ನೇ ಆದೇಶದ 48ನೇ ನಿಯಮದ ಹಲ್ಲು ಇರುವುದು ಮುಂದಿನ ಮಾತಿನಲ್ಲಿ: ಆದೇಶ ಮೀರಿ ಪೂರ್ತಿ ಸಂಬಳ ಕೊಟ್ಟರೆ ಆ ಮೊತ್ತಕ್ಕೆ ಸರ್ಕಾರವೇ ಹೊಣೆ. ನೌಕರನಿಗೆ ವರ್ಗವಾದರೂ ಆದೇಶ ಸಾಯುವುದಿಲ್ಲ. ಆದರೆ ಕಾಗದದಲ್ಲಿ ಅದು ಎಲ್ಲಿ ಕಳೆದುಹೋಗುತ್ತದೆ ಎಂದರೆ ಕೊನೆಯ ವೇತನ ಪತ್ರದಲ್ಲಿ. ಶಿರಸಿಯಿಂದ ಹಳಿಯಾಳಕ್ಕೆ ಹೋದವನ ಎಲ್‌ಪಿಸಿಯಲ್ಲಿ ಕೋರ್ಟಿನ ಕಡಿತವನ್ನು ನಮೂದಿಸದಿದ್ದರೆ ಹಳಿಯಾಳದ ಕಚೇರಿಗೆ ಅದು ಗೊತ್ತೇ ಆಗುವುದಿಲ್ಲ. ಒಂದು ತಿಂಗಳು ಹಣ ಬರದಿದ್ದರೆ ಮುಂದಿನ ತಾರೀಖಿನವರೆಗೆ ಕಾಯದೆ, ವರ್ಗವಾಗಿದೆಯೇ ನೋಡಿ ಹೊಸ ಕಚೇರಿಗೆ ಆದೇಶದ ಪ್ರತಿ ಹೋಗುವಂತೆ ಮೆಮೊ ಕೊಡಬೇಕು.

ಬೇರೊಬ್ಬರ ಜಪ್ತಿ ಮೊದಲೇ ನಡೆಯುತ್ತಿದ್ದು ಹಿಡಿಯಬಹುದಾದ ಪಾಲು ಪೂರ್ತಿ ಅದಕ್ಕೇ ಹೋಗುತ್ತಿದ್ದರೆ, ನಿಮ್ಮ ಆದೇಶವನ್ನು ಅಧಿಕಾರಿ ಹಳೆಯ ಜಪ್ತಿಯ ವಿವರ ಬರೆದು ಹಿಂದಿರುಗಿಸುತ್ತಾರೆ. ಅದು ತಪ್ಪಲ್ಲ, ನಿಯಮವೇ ಹಾಗಿದೆ.

ಇನ್ನು ಎಲ್ಲರೂ ಮರೆಯುವ ಮಿತಿ. ಒಂದೇ ಡಿಕ್ರಿಗಾಗಿ ಸಂಬಳದ ಆ ಪಾಲು ಒಟ್ಟು 24 ತಿಂಗಳು ಜಪ್ತಿಯಲ್ಲಿದ್ದರೆ, ಆ ಡಿಕ್ರಿಗೆ ಸಂಬಳದ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಬಾಕಿ ಎಷ್ಟೇ ಇರಲಿ, ಮತ್ತೆ ತೆರೆಯುವುದಿಲ್ಲ. ಬೇರೆ ಬೇರೆ ಡಿಕ್ರಿಗಳಿಗಾಗಿ ಒಟ್ಟು 24 ತಿಂಗಳಾಗಿದ್ದರೆ ನೌಕರನಿಗೆ 12 ತಿಂಗಳ ಬಿಡುವು ಸಿಗುತ್ತದೆ. ನಡುನಡುವೆ ನಿಂತು ನಡೆದ ತಿಂಗಳುಗಳನ್ನೂ ಕೂಡಿಸಿಯೇ ಲೆಕ್ಕ.

ನಮ್ಮ ವ್ಯಾಪಾರಿಗೆ ಇದರ ಅರ್ಥವೇನು? 24 ತಿಂಗಳಿಗೆ ₹15,000ದಂತೆ ₹3,60,000. ಬಾಕಿ ₹4,82,000. ಬಡ್ಡಿಯೂ ಓಡುತ್ತಿದೆ, ಮತ್ತು ಡಿಕ್ರಿಯಲ್ಲಿ ಬೇರೆ ರೀತಿ ಹೇಳದಿದ್ದರೆ ಬಂದ ಹಣ ಮೊದಲು ಬಡ್ಡಿ, ಖರ್ಚಿಗೆ, ಆಮೇಲೆ ಅಸಲಿಗೆ ಜಮೆಯಾಗುತ್ತದೆ. ಹೀಗಾಗಿ ಮೊದಲ 6 ತಿಂಗಳ ಕಂತು ಪೂರ್ತಿ ಬಡ್ಡಿ, ಖರ್ಚಿಗೇ ಹೋಗಿ, 7ನೇ ತಿಂಗಳಲ್ಲಿ ಅಸಲು ಕರಗಲು ಶುರುವಾಗುತ್ತದೆ. 24 ತಿಂಗಳು ಮುಗಿದಾಗ ಸುಮಾರು ₹1,60,000 ಅಸಲು ಉಳಿದಿರುತ್ತದೆ, ಸಂಬಳ ಮುಟ್ಟಲು ಇನ್ನು ಸಾಧ್ಯವಿಲ್ಲ. ಸಂಬಳವೊಂದನ್ನೇ ನಂಬಿ ಎರಡು ವರ್ಷ ಕಾದವರು ಆಗ ಠೇವಣಿ ಹುಡುಕಲು ಹೊರಟರೆ ಅದು ಇರುವುದಿಲ್ಲ. ಜಾರಿ ಪ್ರಕರಣಗಳನ್ನು 6 ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿದೆ. ಸಂಬಳದ ಜಪ್ತಿ ಮಾತ್ರ ತನ್ನ ಸ್ವಭಾವದಿಂದಲೇ ಆ ಅಳತೆಗೆ ಕೂರುವುದಿಲ್ಲ.

ಸಾಲಗಾರನ ನಿವೃತ್ತಿ ಯಾವಾಗ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಪಿಂಚಣಿ, ಗ್ರ್ಯಾಚುಟಿ ಜಪ್ತಿಗೆ ಸಿಗುವುದಿಲ್ಲ, ಕಡ್ಡಾಯ ಭವಿಷ್ಯ ನಿಧಿಯೂ ಇಲ್ಲ. ಪಿಂಚಣಿಯ ಹಣವನ್ನು ಠೇವಣಿ ಇಟ್ಟ ಮಾತ್ರಕ್ಕೆ ಅದರ ರಕ್ಷಣೆ ಹೋಗುವುದಿಲ್ಲ ಎಂದೂ ಸುಪ್ರೀಂ ಕೋರ್ಟ್ ಹೇಳಿದೆ. 14 ತಿಂಗಳಲ್ಲಿ ನಿವೃತ್ತನಾಗುವವನ ಸಂಬಳ 14 ತಿಂಗಳದ್ದೇ.

ಈ ಕರಾವಳಿಯಲ್ಲಿ ಸಂಬಳದಾರರು ಹಲವು ಬಗೆ. ಕೈಗಾ ಅಣು ವಿದ್ಯುತ್ ಸ್ಥಾವರದ್ದು ಸರ್ಕಾರಿ ಕಂಪನಿ, ಆದ್ದರಿಂದ ಅಲ್ಲಿನ ಕಂಪನಿ ನೌಕರರಿಗೆ ಸರ್ಕಾರಿ ನೌಕರರ 48ನೇ ನಿಯಮವೇ ಅನ್ವಯಿಸುತ್ತದೆ. ಅಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುವವರು ಆ ಗುತ್ತಿಗೆದಾರನ ನೌಕರರು. ದಿನಗೂಲಿಯವರಾದರೆ ಕೂಲಿಕಾರರ ಮಜೂರಿ ಪೂರ್ತಿ ಜಪ್ತಿಯ ಹೊರಗೆ. ಅರಗದ ಸೀಬರ್ಡ್ ನೌಕಾನೆಲೆಯಲ್ಲಿ ನೌಕಾಪಡೆ ಕಾಯ್ದೆಗೆ ಒಳಪಟ್ಟ ನಾವಿಕ, ಅಧಿಕಾರಿಗಳ ವೇತನವನ್ನು ಮುಟ್ಟುವಂತೆಯೇ ಇಲ್ಲ. ಅದೇ ಆವರಣದ ನಾಗರಿಕ ನೌಕರರಿಗೆ ಆ ರಕ್ಷಣೆ ಇಲ್ಲ. ಗೋವಾದಲ್ಲಿ ಖಾಸಗಿ ಕಂಪನಿಗೆ ಹೋಗುವ ಕಾರವಾರದವರ ವಿಷಯ ಇನ್ನೊಂದು: ಖಾಸಗಿ ನೌಕರನ ಸಂಬಳ ಹಿಡಿಯಲು ಬಟವಾಡೆ ಮಾಡುವವರು ಆ ಕೋರ್ಟಿನ ವ್ಯಾಪ್ತಿಯಲ್ಲೇ ಇರಬೇಕು. ಸಂಬಳ ಮಡಗಾಂವದ ಕಚೇರಿಯಿಂದ ಬರುತ್ತಿದ್ದರೆ ಡಿಕ್ರಿಯನ್ನೂ ಕಾಳಿ ಸೇತುವೆ ದಾಟಿಸಿ ಗೋವಾದ ಕೋರ್ಟಿಗೆ ವರ್ಗಾಯಿಸಬೇಕು.

ಬ್ಯಾಂಕ್ ಖಾತೆ: ತಡೆದರೆ ಸಾಲದು

ಬ್ಯಾಂಕಿನಲ್ಲಿಟ್ಟ ಹಣ ಕಾನೂನಿನ ಕಣ್ಣಿನಲ್ಲಿ ಬ್ಯಾಂಕು ಗ್ರಾಹಕನಿಗೆ ಕೊಡಬೇಕಾದ ಸಾಲ. ಅದನ್ನು ಹಿಡಿಯಲು ಎರಡು ಹೆಜ್ಜೆ ಬೇಕು. ಮೊದಲನೆಯದು 46ನೇ ನಿಯಮದ ನಿಷೇಧಾಜ್ಞೆ: ಬ್ಯಾಂಕು ಕೊಡಬಾರದು, ಸಾಲಗಾರ ತೆಗೆಯಬಾರದು. ಎರಡನೆಯದು 46ಎ ನಿಯಮದ ಗಾರ್ನಿಷಿ ನೋಟಿಸು: ಆ ಹಣವನ್ನು ಬ್ಯಾಂಕು ಕೋರ್ಟಿಗೆ ಕಟ್ಟಬೇಕು, ಇಲ್ಲವೇ ಏಕೆ ಕಟ್ಟಬಾರದೆಂದು ಹಾಜರಾಗಿ ಹೇಳಬೇಕು. ಮೊದಲ ಹೆಜ್ಜೆಯಲ್ಲೇ ನಿಂತುಬಿಟ್ಟ ಇ.ಪಿ.ಗಳು ಬೇಕಾದಷ್ಟಿವೆ. ಖಾತೆ ತಡೆಯಾಗಿದೆ ಎಂದು ಡಿಕ್ರಿದಾರರು ಖುಷಿಯಲ್ಲಿರುತ್ತಾರೆ, ಹಣ ಮಾತ್ರ ಬ್ಯಾಂಕಿನಲ್ಲೇ ಕೂತಿರುತ್ತದೆ. 46ಎ ಅರ್ಜಿಗೆ, ಬ್ಯಾಂಕು ಸಾಲಗಾರನಿಗೆ ಹಣ ಕೊಡಬೇಕಾಗಿದೆ ಎಂದು ನಂಬಿರುವುದಾಗಿ ಅಫಿಡವಿಟ್ಟೂ ಬೇಕು.

ಖಾತೆ ಯಾವುದೆಂದು ತಿಳಿಯುವುದು ಹೇಗೆ? ಹಿಂದೆ ಕೊಟ್ಟ ಚೆಕ್ಕಿನ ಪ್ರತಿ, ಅರ್ಧಂಬರ್ಧ ಹಣ ಕಳಿಸಿದಾಗಿನ ಫೋನ್ ಪಾವತಿಯ ವಿವರ, ದಾವೆಯಲ್ಲಿ ಆತನೇ ಹಾಜರುಪಡಿಸಿದ ಪಾಸ್‌ಬುಕ್ಕಿನ ಪುಟ. ಇವು ಯಾವುವೂ ಇಲ್ಲದಿದ್ದರೆ 41ನೇ ನಿಯಮವಿದೆ. ಹಣದ ಡಿಕ್ರಿ 30 ದಿನ ತೀರದೆ ಉಳಿದರೆ, ತನ್ನ ಆಸ್ತಿ, ಖಾತೆ, ಬರಬೇಕಾದ ಬಾಕಿ ಎಲ್ಲವನ್ನೂ ಬರೆದು ಅಫಿಡವಿಟ್ ಕೊಡುವಂತೆ ಕೋರ್ಟು ಸಾಲಗಾರನಿಗೆ ಆದೇಶಿಸಬಹುದು. ಸಂಹಿತೆಯ ‘ಇ’ ಅನುಬಂಧದ 16ಎ ನಮೂನೆ ಇದಕ್ಕೇ ಇದೆ. ಆದೇಶ ಮೀರಿದರೆ 3 ತಿಂಗಳವರೆಗೆ ಸಿವಿಲ್ ಜೈಲು. ಆದರೆ ಇದನ್ನು ಕೇಳಿದ ಕ್ಷಣ ಸಾಲಗಾರ ಎಚ್ಚರಗೊಳ್ಳುತ್ತಾನೆ. ಗೊತ್ತಿರುವ ಖಾತೆಯನ್ನು ಮೊದಲು ತಡೆದು, ಗೊತ್ತಿಲ್ಲದ್ದಕ್ಕೆ ಆಮೇಲೆ ಅಫಿಡವಿಟ್ ಕೇಳುವುದು ಜಾಣತನ.

ನಿಷೇಧಾಜ್ಞೆ ಶಾಖೆಗೆ ತಲುಪಿದ ಹೊತ್ತಿಗೆ ಖಾತೆಯಲ್ಲಿ ಏನಿದೆಯೋ ಅದಷ್ಟೇ ಖಚಿತವಾಗಿ ಸಿಗುವುದು. ಆದೇಶ ಕೋರ್ಟಿನ ಕಪಾಟಿನಲ್ಲಿ ವಾರ ಮಲಗಿದರೆ ಖಾತೆ ಖಾಲಿಯಾಗುತ್ತದೆ. ಪ್ರೊಸೆಸ್ ಫೀ ಅಂದೇ ಕಟ್ಟಿ, ಆದೇಶ ಮುಟ್ಟಿಸುವ ಬೇಲೀಫರ ಕೈಗೆ ಕಾಗದ ಹೋಯಿತೇ ಎಂದು ವಿಚಾರಿಸುವುದು ಡಿಕ್ರಿದಾರರ ಕೆಲಸ. ಸಾದಾ ಉಳಿತಾಯ ಖಾತೆಗಿಂತ ಠೇವಣಿ ಒಳ್ಳೆಯ ಬೇಟೆ. ಅವಧಿ ಮುಗಿಯದಿದ್ದರೂ ಅದನ್ನು ಜಪ್ತಿ ಮಾಡಬಹುದು.

ಬ್ಯಾಂಕಿನ ಉತ್ತರ ಸಾಮಾನ್ಯವಾಗಿ ಕೆಲವೇ ಬಗೆಯದು. ಇದು ಓವರ್‌ಡ್ರಾಫ್ಟ್ ಖಾತೆ ಎಂದರೆ ಅಲ್ಲಿ ಹಿಡಿಯಲು ಏನೂ ಇಲ್ಲ, ಬಳಸದೆ ಉಳಿದ ಮಿತಿ ಸಾಲಗಾರನ ಹಣವಲ್ಲ. ಠೇವಣಿಯ ಮೇಲೆ ನಮ್ಮದೇ ಸಾಲವಿದೆ ಎಂದರೆ ಬ್ಯಾಂಕಿನ ಬಾಕಿ ಕಳೆದು ಉಳಿದದ್ದಷ್ಟೇ ಸಿಗುತ್ತದೆ. ಸಾಲದ ದಾಖಲೆ ಹಾಜರುಪಡಿಸಿ ಎಂದು ಕೇಳಬಹುದು. ಹೆಂಡತಿಯೊಂದಿಗಿನ ಜಂಟಿ ಖಾತೆಯಾದರೆ ಅದರಲ್ಲಿ ಯಾರ ಹಣವೆಷ್ಟು ಎಂಬುದನ್ನು ಕೋರ್ಟೇ ವಿಚಾರಿಸಿ ತೀರ್ಮಾನಿಸಬೇಕಾಗುತ್ತದೆ. ಸಂಬಳದ ಖಾತೆಯನ್ನೇ ತಡೆದರೆ, ನನಗೆ ಬಿಟ್ಟುಕೊಟ್ಟ ಮೂರನೇ ಎರಡು ಪಾಲನ್ನೂ ಕಿತ್ತುಕೊಂಡಿದ್ದಾರೆ ಎಂಬ ಆಕ್ಷೇಪಣೆ ಬರುವುದು ಖಂಡಿತ. ಸಂಬಳದ ಮೇಲೆ ಜಪ್ತಿ ಇರುವಾಗ ಸಂಬಳದ ಖಾತೆಯ ಗೊಡವೆಗೆ ಹೋಗದಿರುವುದೇ ಮೇಲು.

ಶಿರಸಿ ಕಡೆಯ ಸಾಲಗಾರನಾದರೆ ಬ್ಯಾಂಕಿನಷ್ಟೇ ಮುಖ್ಯವಾದ ಇನ್ನೊಂದು ಜಾಗ ಅಡಿಕೆ ಮಾರಾಟದ ಸಹಕಾರಿ ಸಂಘ. ಅಡಿಕೆ ಹಾಕಿದವನ ಲೆಕ್ಕದಲ್ಲಿ ಜಮೆಯಾದ ಹಣವೂ ಸಂಘ ಅವನಿಗೆ ಕೊಡಬೇಕಾದ ಸಾಲವೇ. ಅದಕ್ಕೂ ಇದೇ ನಿಷೇಧಾಜ್ಞೆ, ಇದೇ ಗಾರ್ನಿಷಿ ನೋಟಿಸು. ಸಂಘದಿಂದ ಪಡೆದ ಮುಂಗಡ, ಬೆಳೆಸಾಲ ಅದರಲ್ಲಿ ಮೊದಲು ಕಡಿತವಾಗುತ್ತದೆ, ಮತ್ತು ಸಂಘದಲ್ಲಿರುವ ಷೇರನ್ನು ಮುಟ್ಟುವಂತಿಲ್ಲ.

ನಮ್ಮ ಪ್ರಕರಣದಲ್ಲಿ ₹90,000ದ ಠೇವಣಿ ಮೊದಲೇ ಸಿಕ್ಕರೆ ಏನಾಗುತ್ತದೆ ನೋಡಿ. ₹82,000ದ ಬಡ್ಡಿ, ಖರ್ಚು ಒಂದೇ ಏಟಿಗೆ ತೀರಿ ₹8,000 ಅಸಲಿಗೂ ಹೋಗುತ್ತದೆ. ಆಮೇಲೆ ಸಂಬಳದ ಕಂತು ಮೊದಲ ತಿಂಗಳಿನಿಂದಲೇ ಅಸಲನ್ನು ಕರಗಿಸುತ್ತದೆ. 24 ತಿಂಗಳ ಕೊನೆಗೆ ಉಳಿಯುವುದು ₹1,60,000 ಅಲ್ಲ, ಸುಮಾರು ₹60,000.

ತೋಟ: ಮೊದಲ ದಿನ ಜಪ್ತಿ, ಕೊನೆಗೆ ಹರಾಜು

ಆ ₹60,000ಕ್ಕಾಗಿ ತೋಟ ಬೇಕು. ಆದರೆ ಅದರ ಜಪ್ತಿ ಕೊನೆಗೆ ಮಾಡುವ ಕೆಲಸವಲ್ಲ. ಜಪ್ತಿ ಬೇರೆ, ಹರಾಜು ಬೇರೆ. ಜಪ್ತಿಯಾದರೆ ಸಾಲಗಾರ ತನ್ನ ಪಾಲನ್ನು ಮಾರಿದರೂ ದಾನ ಬರೆದುಕೊಟ್ಟರೂ ನಿಮ್ಮ ಬಾಕಿಯ ಮಟ್ಟಿಗೆ ಅದು ನಡೆಯುವುದಿಲ್ಲ. ಜಪ್ತಿಗೆ ಮುಂಚೆಯೇ ಆಗಿ ನೋಂದಣಿಯಾದ ಕರಾರು ಇದ್ದರೆ ಅದು ಮಾತ್ರ ಹೊರತು. ಇ.ಪಿ. ಹಾಕಿದ ದಿನವೇ ಜಪ್ತಿ ಕೇಳಿ, ಹರಾಜಿನ ಮಾತನ್ನು ಸಂಬಳ ಬರುವವರೆಗೆ ಬದಿಗಿಡುವುದು ಒಳ್ಳೆಯ ಕ್ರಮ.

ಷೆಡ್ಯೂಲಿಗೆ ಚಾಲ್ತಿ ಪಹಣಿ, ಋಣಭಾರ ಪತ್ರ, ಚಕ್ಕುಬಂದಿ, ಸಾಲಗಾರನ ಪಾಲಿನ ವಿವರ ಬೇಕು. ಪಹಣಿಯ 9ನೇ ಕಾಲಮ್ಮಿನಲ್ಲಿ ಆತನ ಹೆಸರು ಇದೆಯೇ, 11ನೇ ಕಾಲಮ್ಮಿನಲ್ಲಿ ಯಾವ ಬ್ಯಾಂಕು, ಸೊಸೈಟಿಯ ಬೋಜಾ ಇದೆ ಎಂಬುದನ್ನು ಮೊದಲು ನೋಡಬೇಕು. ಹೆಸರು ಇನ್ನೂ ತೀರಿಹೋದ ತಂದೆಯದೇ ಇರುವುದು ಇಲ್ಲಿ ಮಾಮೂಲು. ಹಾಗಿದ್ದರೆ ವಂಶಾವಳಿಯ ದಾಖಲೆ ಜೊತೆಗಿರಬೇಕು. ತೋಟಕ್ಕೆ ಅಂಟಿಕೊಂಡ ಸೊಪ್ಪಿನ ಬೆಟ್ಟವನ್ನೂ, ಅರಣ್ಯದ ಅತಿಕ್ರಮಣ ಜಾಗವನ್ನೂ ಸಾಲಗಾರನ ಆಸ್ತಿ ಎಂದು ಬರೆಯುವವರಿದ್ದಾರೆ. ಅವು ಆತನ ಮಾಲ್ಕಿಯಲ್ಲ. ಅಂಥ ಒಂದು ಸಾಲು ಸೇರಿದರೆ ಆಕ್ಷೇಪಣೆಯ ವಿಚಾರಣೆಗೇ ವರ್ಷ ಹೋಗುತ್ತದೆ.

54ನೇ ನಿಯಮದ ಜಪ್ತಿ ಆದೇಶವನ್ನು ಜಾಗದಲ್ಲಿ ಡಂಗುರ ಸಾರಿಯೋ ರೂಢಿಯ ಇನ್ನಾವುದೋ ಬಗೆಯಲ್ಲೋ ಪ್ರಕಟಿಸಿ, ಆಸ್ತಿಯ ಎದ್ದುಕಾಣುವ ಭಾಗಕ್ಕೂ ಕೋರ್ಟಿನ ಹಲಗೆಗೂ ಅಂಟಿಸಬೇಕು. ಕಂದಾಯದ ಜಮೀನಾದ್ದರಿಂದ ಜಿಲ್ಲಾಧಿಕಾರಿ ಕಚೇರಿಯಲ್ಲೂ, ಹಳ್ಳಿಯ ಜಮೀನಾದರೆ ಗ್ರಾಮ ಪಂಚಾಯ್ತಿಯಲ್ಲೂ ಅಂಟಿಸಬೇಕು. ಬೇಲೀಫರ ವರದಿಯಲ್ಲಿ ಇದರಲ್ಲಿ ಒಂದು ಬಿಟ್ಟುಹೋಗಿದ್ದರೂ ಮುಂದೆ ಹರಾಜಿನ ವೇಳೆ ಅದನ್ನೇ ಹಿಡಿದು ತಕರಾರು ಏಳುತ್ತದೆ. ಉಪನೋಂದಣಿ ಕಚೇರಿಗೂ ತಹಶೀಲ್ದಾರರಿಗೂ ಪ್ರತಿ ಕಳಿಸುವಂತೆ ಕೇಳಿಕೊಂಡರೆ, ಕೊಳ್ಳಲು ಬಂದವರಿಗೆ ಮೊದಲೇ ಗೊತ್ತಾಗುತ್ತದೆ.

ಕೃಷಿಕನ ವಾಸದ ಮನೆಯನ್ನು ಜಪ್ತಿ ಮಾಡುವಂತಿಲ್ಲ ಎಂಬ ಮಾತು ನಿಜ. ಆದರೆ ಅದು ಸ್ವತಃ ಸಾಗುವಳಿ ಮಾಡಿ ಮುಖ್ಯವಾಗಿ ಬೇಸಾಯದ ಆದಾಯದಲ್ಲೇ ಬದುಕುವವನಿಗೆ, ಅವನು ವಾಸಿಸುವ ಮನೆಗೆ ಮಾತ್ರ. ತೋಟಕ್ಕೆ ಆ ರಕ್ಷಣೆ ಇಲ್ಲ. ಸರ್ಕಾರಿ ಸಂಬಳದಲ್ಲಿರುವ ನಮ್ಮ ಸಾಲಗಾರ ಕೃಷಿಕನೆಂದು ಹೇಳಿಕೊಳ್ಳುವುದು ಕಷ್ಟ. ಅದೇ ಮನೆಯಲ್ಲಿರುವ ಅಣ್ಣಂದಿರು ತಮ್ಮ ಪಾಲಿಗೆ ಹೇಳಿಕೊಂಡರೆ ಅದು ಸರಿಯೇ.

ಜಪ್ತಿ ಮಾಡಿ ಇಟ್ಟವರು ಭಯಪಡಬೇಕಾದದ್ದು 57ನೇ ನಿಯಮಕ್ಕೆ. ಯಾವುದೋ ತಾರೀಖಿಗೆ ಯಾರೂ ಹಾಜರಾಗದೆಯೋ ಬೇರೆ ಕಾರಣಕ್ಕೋ ಇ.ಪಿ. ವಜಾ ಆಯಿತು ಎಂದುಕೊಳ್ಳಿ. ಜಪ್ತಿ ಮುಂದುವರಿಯುತ್ತದೆ ಎಂದು ಕೋರ್ಟು ಆ ಆದೇಶದಲ್ಲಿ ಬರೆಯದಿದ್ದರೆ, ಜಪ್ತಿ ಅಲ್ಲಿಗೇ ಮುಗಿದಂತೆ. ಹೊಸ ಇ.ಪಿ. ಹಾಕಿದಾಗ ತೋಟ ಭಾವನ ಹೆಸರಿನಲ್ಲಿರುತ್ತದೆ. ಸಂಬಳದ ಹಣ ಬರುತ್ತಿದೆ, ಕಡತ ಮುಚ್ಚೋಣ ಎಂದು ಯಾರಾದರೂ ಅಂದರೆ ಈ ಒಂದು ಸಾಲು ಬರೆಸಿಕೊಳ್ಳದೆ ಒಪ್ಪಬಾರದು.

ಇನ್ನು ಹರಾಜು. 2 ವರ್ಷದ ಕೊನೆಗೆ ₹60,000 ಉಳಿದಾಗ ಅದಕ್ಕೆ ಬೇಕಾದಷ್ಟು ಭಾಗವನ್ನು ಮಾತ್ರ ಮಾರಬೇಕು ಎಂಬುದು 64ನೇ ನಿಯಮ. ಭಾಗ ಮಾಡಿ ಮಾರಿದರೆ ಸಾಲದ ಮೊತ್ತ ಹುಟ್ಟುತ್ತಿದ್ದಾಗ ಇಡೀ ಆಸ್ತಿ ಮಾರಿದ ಹರಾಜು ಮೇಲಿನ ಕೋರ್ಟಿನಲ್ಲಿ ಉಳಿಯುವುದಿಲ್ಲ. ಪ್ರಕಟಣೆ ಅಂಟಿಸಿ ಕನಿಷ್ಠ 15 ದಿನವಾದ ಮೇಲೆಯೇ ಹರಾಜು. ಗೆದ್ದವರು ಸ್ಥಳದಲ್ಲೇ ಬೆಲೆಯ ಶೇಕಡಾ 25 ಕಟ್ಟಬೇಕು, ಉಳಿದದ್ದನ್ನು 15ನೇ ದಿನ ಕೋರ್ಟು ಮುಚ್ಚುವುದರೊಳಗೆ. ಡಿಕ್ರಿದಾರರೇ ಕೂಗಬೇಕಾದರೆ ಮೊದಲು ಕೋರ್ಟಿನ ಅನುಮತಿ ಪಡೆಯಬೇಕು. ಹರಾಜಾದ ಮೇಲೂ ಸಾಲಗಾರನಿಗೆ 60 ದಿನ ಇದೆ: ಡಿಕ್ರಿಯ ಬಾಕಿ ಪೂರ್ತಿ, ಜೊತೆಗೆ ಕೊಂಡವರಿಗೆ ಹರಾಜು ಬೆಲೆಯ ಶೇಕಡಾ 5 ಕಟ್ಟಿದರೆ ಮಾರಾಟ ರದ್ದು.

ಪಾಲಾಗದ ತೋಟದ ಮೂರನೇ ಒಂದು ಹಿಸ್ಸೆಗೆ ಹರಾಜಿನಲ್ಲಿ ಒಳ್ಳೆಯ ಬೆಲೆ ಬರುವುದಿಲ್ಲ. ಕೊಂಡವನಿಗೆ ಸಿಗುವುದು ಇಂಥ ಅಡಿಕೆ ಸಾಲು ಎಂದಲ್ಲ, ಪಾಲು ಕೇಳಿ ದಾವೆ ಹಾಕುವ ಹಕ್ಕು. ಆದ್ದರಿಂದ ಇಂಥ ಹರಾಜು ನಿಜವಾಗಿ ನಡೆಯುವುದಕ್ಕಿಂತ, ಪ್ರಕಟಣೆ ಪಂಚಾಯ್ತಿಯ ಗೋಡೆಗೆ ಅಂಟಿದ ವಾರದಲ್ಲಿ ಅಣ್ಣಂದಿರು ಹಣ ಹೊಂದಿಸಿ ತರುವುದೇ ಹೆಚ್ಚು. ₹60,000ಕ್ಕಾಗಿ ಹೊರಗಿನವನೊಬ್ಬ ತೋಟದೊಳಗೆ ಕಾಲಿಡುವುದು ಯಾರಿಗೂ ಬೇಡ.

ಹಾಗೆ ತಂದ ಹಣವನ್ನು ಕೋರ್ಟಿನಲ್ಲಿ ಕಟ್ಟಿಸುವುದು ಇಬ್ಬರಿಗೂ ಒಳ್ಳೆಯದು. ಹೊರಗೆ ಕೊಟ್ಟುಕೊಂಡರೆ ಅದನ್ನು ಕೋರ್ಟಿಗೆ ತಿಳಿಸಿ ದಾಖಲಿಸಬೇಕು, ದಾಖಲಾಗದ ಪಾವತಿಯನ್ನು ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋರ್ಟಿಗೆ ಬಂದ ಹಣವೂ ತಾನಾಗಿ ಡಿಕ್ರಿದಾರರ ಮನೆಗೆ ಬರುವುದಿಲ್ಲ, ಪ್ರತಿ ಸಲವೂ ಚೆಕ್ಕಿಗೆ ಅರ್ಜಿ ಹಾಕಬೇಕು. ಅದೇ ಸಾಲಗಾರನ ಮೇಲೆ ಡಿಕ್ರಿ ಇರುವ ಇನ್ನೊಬ್ಬರು, ಹಣ ಕೋರ್ಟಿಗೆ ಬರುವ ಮೊದಲೇ ಅದೇ ಕೋರ್ಟಿನಲ್ಲಿ ಇ.ಪಿ. ಹಾಕಿದ್ದರೆ, ಆ ಹಣದಲ್ಲಿ ಬಾಕಿಯ ಪ್ರಮಾಣಕ್ಕೆ ತಕ್ಕ ಪಾಲು ಅವರಿಗೂ ಹೋಗುತ್ತದೆ. ಠೇವಣಿಯನ್ನು ಹುಡುಕಿದ್ದು, ಬೇಲೀಫರ ಹಿಂದೆ ಓಡಾಡಿದ್ದು ನೀವೇ ಆಗಿದ್ದರೂ ಸರಿ.